ಮಷೀನ್ ಹಾಕಿದ ಕಿವಿ, ಹಾಕದ ಕಿವಿ: ಎರಡರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ

ಓದುಗರ ಪ್ರಶ್ನೆ

ಮೇಡಂ, ನಮ್ಮದು ಸಕಲೇಶಪುರ ತಾಲೂಕು, ಹಾನುಬಾಳು ಹತ್ತಿರ. ಅಪ್ಪನಿಗೆ 69 ವರ್ಷ. ತುಂಬಾ ವರ್ಷ ಅಕ್ಕಿ ಗಿರಣಿ ನಡೆಸಿದವರು, ಈಗ ಸ್ವಲ್ಪ ಕಾಫಿ ತೋಟ ಇದೆ. 14 ತಿಂಗಳ ಹಿಂದೆ ಬಲಕಿವಿಗೆ ಹಿಯರಿಂಗ್ ಏಡ್ ಹಾಕಿಸಿದೆವು. ಚೆನ್ನಾಗೇ ಕೇಳಿಸುತ್ತಿತ್ತು. ಆದರೆ ಮಷೀನ್ ತೆಗೆದಾಗ "ಮೊದಲು ಅಷ್ಟಾದ್ರೂ ಕೇಳ್ತಿತ್ತು, ಈಗ ಅದೂ ಹೋಯ್ತು" ಅನ್ನಲು ಶುರು ಮಾಡಿದರು. ದೊಡ್ಡಪ್ಪ "ಮಷೀನು ಇರೋ ಕಿವೀನೂ ತಿಂದು ಹಾಕ್ತದೆ, ಒಂದ್ಸಲ ಅಭ್ಯಾಸ ಆದ್ರೆ ಬಿಡಕ್ಕಾಗಲ್ಲ, ಎಡಕಿವಿಯನ್ನಾದ್ರೂ ಉಳಿಸ್ಕೊ" ಅಂದರು. ಒಂದು ತಿಂಗಳಿಂದ ಅದು ಬೀರುವಿನಲ್ಲಿದೆ. ಮದುವೆ ಮನೆಗೆ ಹೋಗುವಾಗ ಮಾತ್ರ ಹಾಕುತ್ತಾರೆ. ಮೊನ್ನೆ ಮತ್ತೆ ಟೆಸ್ಟ್ ಮಾಡಿಸಿದೆವು. ಹೋದ ವರ್ಷ ಬಲ 53, ಎಡ 55 ಡೆಸಿಬಲ್ ಇತ್ತು. ಈಗ ಬಲ 55, ಎಡ 57. ಪದ ಕೇಳಿ ಹೇಳುವ ಪರೀಕ್ಷೆಯಲ್ಲಿ ಬಲಕಿವಿಗೆ ಆಗಲೂ ಈಗಲೂ 76 ಪರ್ಸೆಂಟ್. ಎಡಕಿವಿ ಮಾತ್ರ 76ರಿಂದ 68ಕ್ಕೆ ಬಂದಿದೆ. ಅಕ್ಕ ಆನ್‌ಲೈನ್‌ನಲ್ಲಿ 1,800 ರೂಪಾಯಿಯ ಒಂದು ಮಷೀನ್ ತರಿಸಿದ್ದಾಳೆ, ಅದನ್ನು ಹಾಕಿದರೆ ತಲೆ ಸಿಡಿಯುತ್ತದೆ ಅನ್ನುತ್ತಾರೆ. ಮಷೀನ್ ಪೂರ್ತಿ ಬಿಟ್ಟುಬಿಡೋದೇ ಒಳ್ಳೇದಾ?

ಉತ್ತರ

ಬಿಡಬೇಡಿ. ಹೀಗೆ ಹೇಳುವುದಕ್ಕೆ ನೀವು ಕಳಿಸಿದ ಎರಡು ರಿಪೋರ್ಟ್‌ಗಳೇ ಸಾಕು. ಮೊದಲು ಅವನ್ನೇ ಸರಿಯಾಗಿ ಓದೋಣ.

53, 55 ಅನ್ನುವ ಅಂಕಿಗಳು ಸರಾಸರಿ. ಸೌಂಡ್‌ಪ್ರೂಫ್ ಕೋಣೆಯಲ್ಲಿ ಕೂರಿಸಿ, ಒಂದೊಂದು ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಣ್ಣ ಶಬ್ದ ಕೇಳಿಸಿತು ಅಂತ ಗುರುತು ಹಾಕುತ್ತೇವೆ. ಆಮೇಲೆ ಮಾತಿಗೆ ಮುಖ್ಯವಾದ 500, 1000, 2000, 4000 ಹರ್ಟ್ಸ್‌ಗಳ ಅಂಕಿಗಳನ್ನು ಕೂಡಿ ಭಾಗಿಸುತ್ತೇವೆ. ಅಂಕಿ ಜಾಸ್ತಿಯಾದಷ್ಟೂ ಕಿವಿ ಮಂದ ಅಂತ ಅರ್ಥ. ಈ ಪರೀಕ್ಷೆ ಮಾಡುವಾಗ ಮಷೀನ್ ತೆಗೆದಿರುತ್ತೇವೆ. ಅಂದರೆ ಇದು ಬರೀ ಕಿವಿಯ ಲೆಕ್ಕ.

ನಿಮ್ಮ ತಂದೆಯ ಬಲಕಿವಿ 14 ತಿಂಗಳಲ್ಲಿ 2 ಡೆಸಿಬಲ್ ಇಳಿದಿದೆ. ಎಡಕಿವಿಯೂ 2 ಡೆಸಿಬಲ್ ಇಳಿದಿದೆ. ಎಡಕಿವಿಗೆ ಮಷೀನ್ ಸೋಕಿಯೇ ಇಲ್ಲ, ಅಲ್ವಾ? ಮಷೀನ್ ಕಿವಿಯನ್ನು ತಿನ್ನುತ್ತಿದ್ದರೆ ಬಲಕಿವಿ ಎಡಕಿವಿಗಿಂತ ಎದ್ದು ಕಾಣುವಷ್ಟು ಇಳಿದಿರಬೇಕಿತ್ತು. ಹಾಗಾಗಿಲ್ಲ. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಗಿರಣಿಯ ಸದ್ದು ಕೇಳಿದ ಎರಡು ಕಿವಿಗಳು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಇನ್ನೊಂದು ಮಾತು. 2 ಡೆಸಿಬಲ್ ಅಂದರೆ ನಿಜವಾದ ಇಳಿತ ಅಂತಲೂ ಹೇಳಲಾಗದು. ಇದೇ ಪರೀಕ್ಷೆಯನ್ನು ಇವತ್ತು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿದರೂ 5 ಡೆಸಿಬಲ್ ಆಚೀಚೆ ಬರುವುದುಂಟು. ನಿದ್ದೆ ಸರಿಯಾಗದೇ ಇದ್ದರೂ ಸಾಕು. ಅಕ್ಕಪಕ್ಕದ ಎರಡು ಫ್ರೀಕ್ವೆನ್ಸಿಗಳಲ್ಲಿ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆಗ ನಾನು ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಕಾರಣ ಹುಡುಕಲು ಶುರು ಮಾಡುತ್ತೇನೆ.

ಹಾಗಾದ್ರೆ "ಮೊದಲಿಗಿಂತ ಕಮ್ಮಿ ಕೇಳ್ತದೆ" ಅನ್ನೋದು ಸುಳ್ಳಾ?

ಅಲ್ಲ. ಅವರಿಗೆ ನಿಜವಾಗಿ ಹಾಗೆ ಅನಿಸುತ್ತಿದೆ. ಹಾಸನದಲ್ಲಿ ನನ್ನ ಹತ್ತಿರ ಬರುವ ಹಿರಿಯರಲ್ಲಿ ಬಹಳ ಜನ ಇದೇ ಮಾತು ಹೇಳುತ್ತಾರೆ. ಆ ಅನಿಸಿಕೆಗೆ ಕಾರಣ ಕಿವಿಯಲ್ಲಿಲ್ಲ, ಬೇರೆ ಎರಡು ಕಡೆ ಇದೆ.

ಒಂದು ಮಿದುಳು. ಕಿವಿ ಮಂದವಾಗುವುದು ವರ್ಷಾನುಗಟ್ಟಲೆ ನಿಧಾನವಾಗಿ. ನಮ್ಮ ಕಡೆಯ ಹಿರಿಯರಲ್ಲಿ ಹೆಚ್ಚಾಗಿ ಕೀರಲು ದನಿಯ ಕಡೆಯಿಂದ ಶುರುವಾಗುತ್ತದೆ. ಅ, ಆ, ಊ ಎಂಬ ಸ್ವರಗಳು ಗಟ್ಟಿಯಾಗಿಯೇ ಕೇಳುತ್ತವೆ. ಸ, ಶ, ಕ, ಪ, ತ ಇಂಥವು ಮಾಯವಾಗುತ್ತವೆ. ಹಾಲು, ಸಾಲು, ಕಾಲು, ಪಾಲು ನಾಲ್ಕೂ ಒಂದೇ ಥರ ಕೇಳುತ್ತವೆ. ಅದಕ್ಕೇ "ಕೇಳ್ತದೆ, ಆದ್ರೆ ಏನು ಅಂತ ಗೊತ್ತಾಗಲ್ಲ" ಅನ್ನುವುದು. ಹೀಗಿದ್ದಾಗ ಮನುಷ್ಯ ತುಟಿ ನೋಡುತ್ತಾನೆ, ಸಂದರ್ಭ ಊಹಿಸುತ್ತಾನೆ, ಮೈಯೆಲ್ಲ ಕಿವಿಯಾಗಿ ಕೂರುತ್ತಾನೆ. ಸಂಜೆ ಹೊತ್ತಿಗೆ ಸುಸ್ತಾಗುತ್ತದೆ, ಆದರೆ ಹೇಗೋ ನಡೆಯುತ್ತಿರುತ್ತದೆ. ಮಷೀನ್ ಬಂದಮೇಲೆ ಆ ಕಷ್ಟ ತಪ್ಪುತ್ತದೆ. ಕೆಲವು ವಾರಗಳಲ್ಲಿ ಮಿದುಳು ಹೊಸ ಸೌಂಡನ್ನೇ ಮಾಮೂಲು ಅಂತ ತೆಗೆದುಕೊಳ್ಳುತ್ತದೆ. ಆಮೇಲೆ ಮಷೀನ್ ತೆಗೆದರೆ ಮೊದಲಿದ್ದ ಅದೇ 53 ಡೆಸಿಬಲ್ ಕಿವಿ, ಆದರೆ ಈಗ ಅದು ಬಾಗಿಲು ಮುಚ್ಚಿದ ಹಾಗೆ ಅನಿಸುತ್ತದೆ. ಹೊಸ ಮಾಮೂಲಿಗೆ ಹೋಲಿಸಿ ನೋಡುತ್ತಾರೆ, ಹಳೆಯದು ನೆನಪಿರುವುದಿಲ್ಲ.

ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಅದು ಮನೆಯವರು. ಮಷೀನ್ ಹಾಕುವ ಮೊದಲು ನೀವೆಲ್ಲ ಅಪ್ಪನ ಹತ್ತಿರ ಹೋಗಿ, ಎದುರು ನಿಂತು, ಜೋರಾಗಿ ಮಾತಾಡುತ್ತಿದ್ದಿರಿ. ಟಿವಿ ಸೌಂಡ್ ಬೀದಿಗೆ ಕೇಳುತ್ತಿತ್ತು. ಮಷೀನ್ ಬಂದಮೇಲೆ ಎಲ್ಲರೂ ಗೊತ್ತಿಲ್ಲದೇ ದನಿ ಇಳಿಸಿದಿರಿ, ಅಡುಗೆಮನೆಯಿಂದಲೇ ಕೂಗಲು ಶುರು ಮಾಡಿದಿರಿ. ಈಗ ಅವರು ಮಷೀನ್ ತೆಗೆದಿಟ್ಟರೂ ನಿಮ್ಮ ದನಿ ಮೊದಲಿನ ಮಟ್ಟಕ್ಕೆ ಏರುವುದಿಲ್ಲ. ಅವರ ಕಿವಿಗೆ ಬೀಳುವ ಸದ್ದೇ ಮೊದಲಿಗಿಂತ ಕಮ್ಮಿ. ಬೇಕಿದ್ದರೆ ಪರೀಕ್ಷೆ ಮಾಡಿ. ಮಷೀನ್ ಇಲ್ಲದೆ, ಮೊದಲಿನ ಜಾಗದಲ್ಲೇ ಕೂರಿಸಿ, ಟಿವಿ ವಾರ್ತೆ ಅರ್ಥವಾಗುವವರೆಗೆ ಸೌಂಡ್ ಏರಿಸುತ್ತಾ ಹೋಗಿ. ಪರದೆ ಮೇಲೆ ಬರುವ ಅಂಕಿಯನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಮೂರು ತಿಂಗಳ ಮೇಲೆ ಅದೇ ಚಾನೆಲ್, ಅದೇ ಕುರ್ಚಿಯಲ್ಲಿ ಮತ್ತೆ ನೋಡಿ. ಇದು ಆಡಿಯೋಗ್ರಾಮ್‌ಗೆ, ಅಂದರೆ ಸೌಂಡ್‌ಪ್ರೂಫ್ ಕೋಣೆಯ ಪರೀಕ್ಷೆಯ ರಿಪೋರ್ಟಿಗೆ ಸಮ ಅಲ್ಲ. ಆದರೆ "ಅನಿಸಿಕೆ"ಯ ಜಗಳ ಮನೆಯಲ್ಲೇ ಮುಗಿಯುತ್ತದೆ.

ಅಭ್ಯಾಸ ಆಗಿಬಿಡುತ್ತದೆ ಅನ್ನೋದು?

ಆಗುತ್ತದೆ, ಆಗಲೇಬೇಕು. ಆಗದಿದ್ದರೆ ಮಷೀನ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆದರೆ ಇದು ನಿದ್ದೆ ಮಾತ್ರೆಯಂಥ ಅಭ್ಯಾಸ ಅಲ್ಲ. ಅಂಥ ಮಾತ್ರೆಯಿಂದ ದೇಹದೊಳಗೇ ಬದಲಾವಣೆಯಾಗುತ್ತದೆ, ಹೋಗ್ತಾ ಹೋಗ್ತಾ ಡೋಸ್ ಹೆಚ್ಚು ಬೇಕಾಗಬಹುದು. ಹಿಯರಿಂಗ್ ಏಡ್ ಒಳಕಿವಿಯ ಕೋಶಗಳನ್ನು ಬದಲಿಸುವುದೂ ಇಲ್ಲ, ಸೋಮಾರಿ ಮಾಡುವುದೂ ಇಲ್ಲ. ಮೈಕ್‌ನಲ್ಲಿ ಹಿಡಿದ ಸದ್ದನ್ನು ಆ ಕಿವಿಗೆ ಎಷ್ಟು ಬೇಕೋ ಅಷ್ಟು ಏರಿಸಿ ಒಳಗೆ ಬಿಡುತ್ತದೆ. ತೆಗೆದಿಟ್ಟರೆ ಕಿವಿ ತನ್ನ ಮಟ್ಟದಲ್ಲೇ ಇರುತ್ತದೆ.

"ಆದ್ರೆ ಎರಡು ವರ್ಷಕ್ಕೊಮ್ಮೆ ನೀವೇ ಸೌಂಡ್ ಏರಿಸ್ತೀರಲ್ಲ" ಅಂತ ಕೇಳುವವರಿದ್ದಾರೆ. ಏರಿಸುತ್ತೇವೆ. ಅರವತ್ತು ದಾಟಿದವರಲ್ಲಿ ವಯಸ್ಸಿನ ಕಾರಣಕ್ಕೇ ಸರಾಸರಿ ವರ್ಷಕ್ಕೆ ಸುಮಾರು 1 ಡೆಸಿಬಲ್ ಇಳಿಯುತ್ತದೆ. ಮಷೀನ್ ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ಇಳಿಯುತ್ತದೆ. ನಿಮ್ಮ ತಂದೆಗೆ ಗಿರಣಿಯ ಸದ್ದಿನ ಹಳೇ ಪೆಟ್ಟು ಬೇರೆ ಇದೆ. ಒಳಕಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇಳಿತ ಮಷೀನ್ ಹಾಕಿದ ಮೇಲೆ ಕಂಡಿತು ಅಂತ ಜನ ತಪ್ಪನ್ನು ಅದರ ತಲೆಗೆ ಕಟ್ಟುತ್ತಾರೆ.

ಕಿವಿಗೆ ಪೆಟ್ಟು ಕೊಡುವ ಮಷೀನ್ ಇಲ್ಲವೇ ಇಲ್ವಾ?

ಇದೆ. ದೊಡ್ಡಪ್ಪನ ಮಾತಿನಲ್ಲಿ ಸತ್ಯ ಇರುವುದು ಇಲ್ಲಿ ಮಾತ್ರ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಕ್ಕ ತರಿಸಿದ್ದು ಹೆಚ್ಚಾಗಿ ಬರೀ ಸೌಂಡ್ ಏರಿಸುವ ಆಂಪ್ಲಿಫೈಯರ್ ಇರಬೇಕು. ಅದಕ್ಕೆ ನಿಮ್ಮ ತಂದೆಯ ರಿಪೋರ್ಟ್ ಗೊತ್ತಿಲ್ಲ. ಅವರಿಗೆ ಚೆನ್ನಾಗಿ ಕೇಳುವ ದಪ್ಪ ದನಿಯನ್ನೂ ಏರಿಸುತ್ತದೆ, ಕೇಳದ ಕೀರಲು ದನಿಯನ್ನೂ ಏರಿಸುತ್ತದೆ. ಇಂಥ ಕಿವಿಗೆ ಒಂದು ವಿಚಿತ್ರ ಗುಣ ಇದೆ. ಸಣ್ಣ ಸದ್ದು ಕೇಳುವುದಿಲ್ಲ, ಆದರೆ ದೊಡ್ಡ ಸದ್ದು ನಮಗೆಷ್ಟು ಜೋರೋ ಅವರಿಗೂ ಅಷ್ಟೇ ಜೋರು. ಮಧ್ಯದ ಅಂತರ ಕಿರಿದಾಗಿರುತ್ತದೆ. ಹಾಗಾಗಿ ಸ್ಟೀಲ್ ತಟ್ಟೆ ಬಿದ್ದರೆ, ಪಕ್ಕದಲ್ಲಿ ಬಸ್ ಹಾರ್ನ್ ಹೊಡೆದರೆ ತಲೆ ಸಿಡಿಯುತ್ತದೆ. ಸರಿಯಾಗಿ ಹೊಂದಿಸಿದ ಹಿಯರಿಂಗ್ ಏಡ್ ಸಣ್ಣ ಸದ್ದನ್ನು ಜಾಸ್ತಿ ಏರಿಸುತ್ತದೆ, ಮಧ್ಯಮ ಸದ್ದನ್ನು ಸ್ವಲ್ಪ ಏರಿಸುತ್ತದೆ, ದೊಡ್ಡದನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ಎಷ್ಟೇ ಜೋರು ಸದ್ದು ಬಂದರೂ ಇದಕ್ಕಿಂತ ಮೇಲೆ ಹೋಗಕೂಡದು ಅನ್ನುವ ಒಂದು ಮಿತಿಯನ್ನೂ ಅದರಲ್ಲಿ ಇಟ್ಟಿರುತ್ತೇವೆ. ಅಗ್ಗದ ಡಬ್ಬಿಯಲ್ಲಿ ಆ ಮಿತಿ ಇರುತ್ತದೆ ಅಂತ ನಂಬುವ ಹಾಗಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಿದರೆ ಕಿವಿಗೆ ಅಪಾಯ ಶುರು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬಂದರೆ ಕಾಲು ಗಂಟೆ. ಈ ಲೆಕ್ಕದಲ್ಲಿ ಆ ಡಬ್ಬಿಯನ್ನು ಪೂರ್ತಿ ತಿರುಗಿಸಿ ದಿನವಿಡೀ ಹಾಕುವುದು ಬೇಡವೇ ಬೇಡ. ತಲೆ ಸಿಡಿಯುತ್ತದೆ ಅಂದಮೇಲೆ ಇವತ್ತೇ ನಿಲ್ಲಿಸಿ.

ಒಳ್ಳೆಯ ಮಷೀನೂ ತಪ್ಪಾಗಿ ಹೊಂದಿಸಿದರೆ ಹೀಗೇ ಆಗಬಹುದು. ಕಿವಿಗೆ ಸಿಕ್ಕಿಸಿ, ಆನ್ ಮಾಡಿ, "ಕೇಳಿಸ್ತಾ ಅಜ್ಜಾ?" ಅಂತ ಕೇಳಿ, ಹೂಂ ಅಂದ ಕೂಡಲೇ ಬಿಲ್ ಬರೆದರೆ ಅದು ಫಿಟಿಂಗ್ ಅಲ್ಲ. ಕೂದಲೆಳೆಯಂಥ ಮೆತ್ತನೆ ಸಿಲಿಕಾನ್ ಕೊಳವೆಯೊಂದನ್ನು ಕಿವಿತಮಟೆಯ ಹತ್ತಿರದವರೆಗೆ ಇಟ್ಟು, ಅದರ ಜೊತೆಗೇ ಮಷೀನ್ ಹಾಕಿ, ಸಣ್ಣ ದನಿ, ಮಾಮೂಲಿ ದನಿ, ಜೋರು ದನಿ ಮೂರನ್ನೂ ಬಿಟ್ಟು ಒಳಗೆ ಎಷ್ಟು ಡೆಸಿಬಲ್ ತಲುಪುತ್ತಿದೆ ಅಂತ ಅಳೆಯಬಹುದು. ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅನ್ನುತ್ತಾರೆ. ನೋವಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ನೀವು ಮಷೀನ್ ತೆಗೆದುಕೊಂಡ ಕಡೆ ಈ ಸೌಲಭ್ಯ ಇದೆಯಾ ಕೇಳಿ. ಇಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ತುಂಬಾ ಕಿವುಡಿರುವವರಿಗೆ, ಅಂದರೆ 90 ಡೆಸಿಬಲ್ ದಾಟಿದವರಿಗೆ ಹಾಕುವ ಶಕ್ತಿಶಾಲಿ ಮಷೀನ್‌ಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನಿಮ್ಮ ತಂದೆ ಆ ಗುಂಪಿನಲ್ಲಿಲ್ಲ.

ಮಷೀನ್‌ನಿಂದಲೇ ಬರುವ ಇನ್ನೊಂದು ತೊಂದರೆ ಗುಗ್ಗೆ. ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ಅಚ್ಚು, ಅಡ್ಡ ಇರುವುದರಿಂದ ಅದು ತಾನಾಗಿ ಹೊರಬರುವುದು ತಪ್ಪಿ ಒಳಗೇ ಗಟ್ಟಿಯಾಗಬಹುದು. ಆಗ ನಿಜವಾಗಿಯೇ ಕಮ್ಮಿ ಕೇಳುತ್ತದೆ, ಮಷೀನ್ ಕುಯ್ ಅಂತ ಕೂಗುತ್ತದೆ. ಇಎನ್‌ಟಿ ಡಾಕ್ಟರ್ ತೆಗೆದರೆ ಎಲ್ಲ ಸರಿ. ಪಿನ್ನು, ಬೆಂಕಿಕಡ್ಡಿ, ಬಿಸಿ ಎಣ್ಣೆ ಬೇಡ.

ಮದುವೆಗೆ ಮಾತ್ರ ಹಾಕಿಕೊಂಡರೆ ಸಾಲದಾ?

ಸಾಲದು. ಮಷೀನ್‌ಗೆ ಅತೀ ಕಷ್ಟದ ಜಾಗವೇ ಮದುವೆ ಮನೆ. ವಾಲಗ, ಮೈಕು, ಪಾತ್ರೆ ಸದ್ದು, ಒಟ್ಟಿಗೆ ನೂರು ಜನರ ಮಾತು. ಎಷ್ಟು ದುಬಾರಿ ಮಷೀನ್ ಆದರೂ ಅಂಥ ಕಡೆ ಒದ್ದಾಡುತ್ತದೆ. ಅದು ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ಒಳಗೆ, ಎದುರು ಕೂತು ಒಬ್ಬರು ಮಾತಾಡುವಾಗ. ವಾರವೆಲ್ಲ ಬೀರುವಿನಲ್ಲಿಟ್ಟು ನೇರ ಛತ್ರಕ್ಕೆ ಹೋಗಿ ಹಾಕಿದರೆ ಬರೀ ಗದ್ದಲ ಕೇಳುತ್ತದೆ. ಮನೆಗೆ ಬಂದು "ಇದು ಸರಿಯಿಲ್ಲ" ಅನ್ನುತ್ತಾರೆ. ಇನ್ನೊಂದು ನಷ್ಟ ಸೆಲ್‌ನದು. ಬಟನ್ ಸೆಲ್ ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಅದಕ್ಕೆ ಗಾಳಿ ತಾಗಿ ಕೆಲಸ ಶುರುವಾಗುತ್ತದೆ. ಆಮೇಲೆ ಬಳಸಿದರೂ ಬಳಸದಿದ್ದರೂ ಖಾಲಿಯಾಗುತ್ತದೆ.

ತಿಂಗಳ ಬಿಡುವಿನ ನಂತರ ಮತ್ತೆ ಶುರು ಮಾಡುವುದು ಹೀಗೆ. ಮೊದಲ ವಾರ ಮನೆಯೊಳಗೆ, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಒಬ್ಬರೇ ಕೂತು ಮಾತಾಡಿ. ಪೇಪರ್ ಅನ್ನು ಅವರೇ ಗಟ್ಟಿಯಾಗಿ ಓದಲಿ. ತಮ್ಮ ದನಿ ಕೊಡದೊಳಗಿಂದ ಬಂದ ಹಾಗಿದೆ ಅನ್ನಬಹುದು. ಮೋಲ್ಡ್ ಕಿವಿ ಮುಚ್ಚುವುದರಿಂದ ಹಾಗಾಗುತ್ತದೆ. ಓದುತ್ತಾ ಇದ್ದರೆ ಅದು ಎಷ್ಟೋ ತಗ್ಗುತ್ತದೆ, ತಗ್ಗದಿದ್ದರೆ ಮೋಲ್ಡ್‌ನಲ್ಲಿ ಗಾಳಿ ತೂತು ದೊಡ್ಡದು ಮಾಡಿಸಬಹುದು. ಎರಡನೇ ವಾರ ಟಿವಿ, ಫೋನು. ಮೂರನೇ ವಾರ ಜಗಲಿ, ತೋಟದ ಆಳುಗಳ ಜೊತೆ ಮಾತು. ಆಮೇಲೆ ಪೇಟೆ, ಸಂತೆ. ನಾಲ್ಕರಿಂದ ಆರು ವಾರದಲ್ಲಿ ಎದ್ದಾಗಿಂದ ಮಲಗುವವರೆಗೆ ಹಾಕುವ ಹಾಗಾಗಬೇಕು. ಪಲ್ಪರ್, ಜನರೇಟರ್, ಮರ ಕುಯ್ಯುವ ಮಷೀನ್ ಹತ್ತಿರ ಹೋಗುವಾಗ ಮಾತ್ರ ತೆಗೆದು, ಸದ್ದು ತಡೆಯುವ ಇಯರ್ ಮಫ್ ಹಾಕಿಕೊಳ್ಳಲಿ. ಇದು ಮಷೀನ್ ಇಲ್ಲದವರಿಗೂ ಅನ್ವಯಿಸುವ ಮಾತು.

ಎಡಕಿವಿಯನ್ನು ಉಳಿಸಿಕೊಳ್ಳುವುದು ಹೇಗೆ?

ಬಳಸಿ ಉಳಿಸಿಕೊಳ್ಳಬೇಕು. ನಿಮ್ಮ ರಿಪೋರ್ಟಿನ ಕೊನೆಯ ಅಂಕಿ ನನ್ನ ಗಮನ ಸೆಳೆದದ್ದು ಇದಕ್ಕೇ. ನಾವು ಸಾಮಾನ್ಯವಾಗಿ 25 ಪದಗಳ ಪಟ್ಟಿಯಿಂದ ಈ ಪರೀಕ್ಷೆ ಮಾಡುತ್ತೇವೆ. 76 ಪರ್ಸೆಂಟ್ ಅಂದರೆ 19 ಪದ ಸರಿ, 68 ಅಂದರೆ 17. ಎರಡೇ ಪದದ ವ್ಯತ್ಯಾಸ. ಇಷ್ಟು ಆಕಸ್ಮಿಕವಾಗಿಯೂ ಬರಬಹುದು, ಆದ್ದರಿಂದ ಗಾಬರಿ ಬೇಡ. ಆದರೆ ಅದು ಇಳಿದ ದಿಕ್ಕು ಮಾತ್ರ ನಮಗೆ ಪರಿಚಯದ್ದು.

1984ರಲ್ಲಿ ಅಮೆರಿಕದ ಸಂಶೋಧಕರು ಎರಡೂ ಕಿವಿ ಮಂದವಾಗಿದ್ದ ಜನರನ್ನು ಕೆಲವು ವರ್ಷಗಳ ಅಂತರದಲ್ಲಿ ಹೋಲಿಸಿ ನೋಡಿದರು. ಕೆಲವರು ಒಂದೇ ಕಿವಿಗೆ ಮಷೀನ್ ಹಾಕಿದ್ದರು, ಕೆಲವರು ಎರಡಕ್ಕೂ. ಒಂದೇ ಹಾಕಿದವರಲ್ಲಿ, ಮಷೀನ್ ಇಲ್ಲದ ಕಿವಿಯಲ್ಲಿ ಪದ ಗುರುತಿಸುವ ಶಕ್ತಿ ಕುಸಿದಿತ್ತು. ಹಾಕಿದ ಕಿವಿಯಲ್ಲಿ ಹಾಗಾಗಿರಲಿಲ್ಲ. ಸದ್ದು ಕೇಳುವ ಮಟ್ಟದಲ್ಲಿ ಎರಡೂ ಕಿವಿಗಳು ಸಮವಾಗಿಯೇ ಇದ್ದವು. ಅಂದರೆ ಸದ್ದು ಬೀಳದ ಕಿವಿಯ ಕಡೆಯಿಂದ ಬರುವ ಮಾತನ್ನು ಬಿಡಿಸುವ ಕೆಲಸವನ್ನು ಮಿದುಳು ಮರೆಯುತ್ತಾ ಹೋಗುತ್ತದೆ. ಎಲ್ಲರಲ್ಲೂ ಆಗುವುದಿಲ್ಲ. ಆದವರಲ್ಲಿ ಕೆಲವರಿಗೆ ತಡವಾಗಿ ಮಷೀನ್ ಹಾಕಿದರೂ ಆ ಶಕ್ತಿ ಮರಳುತ್ತದೆ, ಕೆಲವರಿಗೆ ಇಲ್ಲ. "ಉಳಿಸ್ಕೊ" ಅಂತ ಬಿಟ್ಟ ಕಿವಿಯೇ ನಷ್ಟಕ್ಕೆ ಗುರಿಯಾಗುವುದು.

ಈಗ ನಿಮ್ಮ ಮುಂದೆ ಮೂರು ದಾರಿ ಇವೆ. ಎಡಕ್ಕೂ ಮಷೀನ್ ಹಾಕಿಸುವುದು ನನ್ನ ಮೊದಲ ಆಯ್ಕೆ. ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುತ್ತದೆ, ಗದ್ದಲದಲ್ಲಿ ಮಾತು ಹಿಡಿಯುವುದು ಸುಲಭ. ಖರ್ಚು ಮತ್ತು ನಿಗಾ ಎರಡರಷ್ಟು ಆಗುತ್ತದೆ ಅನ್ನುವುದು ನಿಜ. ಆದಾಯ ಮಿತಿಯೊಳಗಿದ್ದರೆ ಕೇಂದ್ರ ಸರ್ಕಾರದ ಅಡಿಪ್ ಅಥವಾ ಹಿರಿಯರಿಗಾಗಿರುವ ವಯೋಶ್ರೀ ಯೋಜನೆಯಲ್ಲಿ ಮಷೀನ್ ಸಿಗುತ್ತದೆ, ಹಾಸನದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಸದ್ಯಕ್ಕೆ ಹಣ ಇಲ್ಲದಿದ್ದರೆ ಬಲಕಿವಿಯದನ್ನು ದಿನವಿಡೀ ಹಾಕಿ, ಎಡಕಿವಿಯ ಪದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸಿ. 68 ಇನ್ನೂ ಕೆಳಗೆ ಹೋದರೆ ಕಾಯಬೇಡಿ. ಪೂರ್ತಿ ಬಿಟ್ಟುಬಿಡುವುದು ಮೂರನೆಯದು. ಹಾಗೆ ಮಾಡಿದರೆ ಎರಡೂ ಕಿವಿ ಈಗಿನ ಎಡಕಿವಿಯ ಸ್ಥಿತಿಗೆ ಬರಬಹುದು. ನಾನು ಒಪ್ಪುವುದಿಲ್ಲ.

ಮಳೆಗಾಲದ ಒಂದು ಮಾತು

ಹಾನುಬಾಳಿನ ಮಳೆ ನನಗೆ ಗೊತ್ತು. ಜೂನ್ ಕಳೆದ ಮೇಲೆ ಮಲೆನಾಡಿನ ಕಡೆಯಿಂದ "ಕಿವಿ ಇನ್ನೂ ಕಮ್ಮಿಯಾಯ್ತು" ಅಂತ ಬರುವವರಲ್ಲಿ ಬಹಳ ಜನರ ಕಿವಿ ಇದ್ದ ಹಾಗೇ ಇರುತ್ತದೆ, ಮಷೀನ್ ಒಳಗೆ ತೇವ ಕೂತಿರುತ್ತದೆ. ಮೋಲ್ಡ್‌ನ ಪ್ಲಾಸ್ಟಿಕ್ ನಳಿಗೆಯನ್ನು ಬೆಳಕಿಗೆ ಹಿಡಿದರೆ ನೀರಿನ ಹನಿ ಕಾಣುತ್ತದೆ. ಮನೆಯಲ್ಲೇ ನೋಡುವ ವಿಧಾನ ಸುಲಭ. ಮಷೀನ್ ಆನ್ ಮಾಡಿ ಮುಷ್ಟಿಯೊಳಗೆ ಮುಚ್ಚಿ. ಕುಯ್ ಅಂತ ಗಟ್ಟಿಯಾಗಿ ಕೂಗಬೇಕು. ಹೊಸ ಸೆಲ್ ಹಾಕಿದರೂ ಕೂಗು ಕ್ಷೀಣವಾಗಿದ್ದರೆ ಒಳಗೆ ತೇವವೋ ಗುಗ್ಗೆಯೋ ಸೇರಿದೆ. ಕೆಲವು ಹೊಸ ಮಾದರಿಗಳು ಈ ಕೂಗನ್ನು ತಾವೇ ಅಡಗಿಸುತ್ತವೆ, ಹಾಗಾಗಿ ಕೊಂಡ ಕಡೆ ಒಮ್ಮೆ ಕೇಳಿಕೊಳ್ಳಿ. ರಾತ್ರಿ ಸೆಲ್ ತೆಗೆದು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹರಳು ಬಣ್ಣ ಬದಲಿಸಿದರೆ ತೇವ ಕುಡಿದು ತುಂಬಿದೆ ಅಂತ ಅರ್ಥ, ಬೇರೆ ಹಾಕಿ. ಬಚ್ಚಲ ಒಲೆ ಪಕ್ಕದಲ್ಲಿಟ್ಟು ಒಣಗಿಸಬೇಡಿ, ಬಿಸಿಗೆ ಒಳಗಿನ ಭಾಗ ಹಾಳಾಗುತ್ತದೆ. ಒಂದು ತಿಂಗಳು ಬೀರುವಿನಲ್ಲಿ ಸೆಲ್ ಸಮೇತ ಇದ್ದಿದ್ದರೆ ಸೆಲ್ ಸೋರಿ ಬಿಳಿ ಪುಡಿ ಹಿಡಿದಿದೆಯಾ ಅಂತಲೂ ನೋಡಿ.

ಮೇಲೆ ಹೇಳಿದ್ದೆಲ್ಲ ನಿಧಾನವಾಗಿ ಇಳಿಯುವ ಕಿವಿಯ ವಿಷಯ. ಒಂದು ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ, ಅಥವಾ ಎರಡು ಮೂರು ದಿನದಲ್ಲಿ ತೀರಾ ಇಳಿದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಔಷಧಿ ಇದೆ, ಆದರೆ ಬೇಗ ಶುರು ಮಾಡಿದಷ್ಟೂ ಗುಣ ಹೆಚ್ಚು. ಎರಡು ವಾರ ಕಳೆದರೆ ಅವಕಾಶ ಬಹಳ ಕಮ್ಮಿಯಾಗುತ್ತದೆ. ಅಂಥ ದಿನ ಮಷೀನ್ ಸೌಂಡ್ ಏರಿಸಿ ನೋಡುತ್ತಾ ಕೂರಬೇಡಿ, ಆವತ್ತೇ ಹಾಸನಕ್ಕೆ ಕರೆದುಕೊಂಡು ಬಂದು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕಿವಿ ಸೋರಿದರೆ, ತಲೆ ಸುತ್ತು ಜೊತೆಗೆ ಬಂದರೆ ಆಗಲೂ ಮೊದಲು ಅವರನ್ನೇ ನೋಡಿ.